ಈ ವರ್ಷ ಲಕ್ಷ್ಮಿ ವಾಲಲಿಲ್ಲ

ನಮ್ಮ ಧಾರವಾಡದ ಮನೆಯಲ್ಲಿ ಶ್ರಾವಣ ಶುಕ್ರವಾರಕ್ಕೆ ತಂಬಿಗೆಯ ಮೇಲೆ ಕಾಯಿ ಇಟ್ಟು ಪೂಜಿಸುವುದಷ್ಟೇ ಪದ್ಧತಿ. ವರಮಹಾಲಕ್ಷ್ಮಿಗೆ ನಾನು ಸೀರೆ ಉಡಿಸಲು ಹೊರಟಾಗ ಅತ್ತೆಯವರು, "ಇದೆಲ್ಲ ಬೆಂಗಳೂರಿನವರ ಆಟ, ನಿನ್ನ ಕೈಲಿ ನಿಲ್ಲುವುದಿಲ್ಲ" ಎಂದಿದ್ದರು. ಎರಡು ವರ್ಷ ಅವರ ಮಾತೇ ನಿಜವಾಯಿತು.

ಮೊದಲ ವರ್ಷ ಕಲಶದಲ್ಲಿ ನೀರು ತುಂಬಿದ್ದೆ. ಬೆಳ್ಳಿ ಮುಖವಾಡದ ಭಾರಕ್ಕೆ ಕಾಯಿ ಮುಂದಕ್ಕೆ ಬಾಗಿ, ಆರತಿಯ ಹೊತ್ತಿಗೆ ದೇವಿ ನೆಲ ನೋಡುತ್ತಿದ್ದಳು. ಮರುವರ್ಷ ಐದು ಸಾವಿರದಷ್ಟು ಕೊಟ್ಟು ನುಣುಪಾದ ರೇಷ್ಮೆ ಸೀರೆ ತಂದೆ. ನೆರಿಗೆ ಹಿಡಿದಷ್ಟೂ ಜಾರಿತು. ಬಾಳೆಕಂಬದ ಮಂಟಪವನ್ನೂ ಕಟ್ಟಿದ್ದೆ, ಅದರ ಕಥೆ ಬೇಡ.

ಈ ಸಲ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದೆ. ಮೈ ಹತ್ತಿಯದಾದ್ದರಿಂದ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ನೆರಿಗೆ ಕೊಟ್ಟಂತೆ ಕೂರುತ್ತದೆ. ಕಲಶದಲ್ಲಿ ಮುಕ್ಕಾಲು ಭಾಗ ಅಕ್ಕಿ ತುಂಬಿ, ಸುತ್ತ ವೀಳ್ಯದೆಲೆ ಇಟ್ಟು, ಕಾಯಿಯನ್ನು ಅಕ್ಕಿಗೆ ತಾಗುವಂತೆ ಒತ್ತಿ ಕೂರಿಸಿದೆ. ಕೆಳಗೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿ. ಸೀರೆಯನ್ನು ಅಗಲಕ್ಕೆ ಮಡಚಿ, ಎರಡೂ ದಡಿ ಒಂದರ ಮೇಲೊಂದು ಕಾಣುವಂತೆ ಬಿಟ್ಟು, ಸೆರಗಿಗೆ ಒಂದು ಮೊಳಕ್ಕಿಂತ ಹೆಚ್ಚು ಉಳಿಸಿಕೊಂಡು, ನಾಲ್ಕು ಬೆರಳಿನ ನೆರಿಗೆ ಹಿಡಿದು ಕಲಶದ ಕತ್ತಿಗೆ ಕಟ್ಟಿದೆ. ಒಂದೂ ಪಿನ್ನು ಚುಚ್ಚಲಿಲ್ಲ. ಆ ಗಂಟು ಹೊರಗೆ ಕಾಣದಂತೆ ಹೇಗೆ ಕಟ್ಟಿದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ಮುಖವಾಡದ ಭಾರಕ್ಕೆ ಎದುರಾಗಿ ಹಿಂದೆ ಸೇವಂತಿಗೆಯ ದಪ್ಪ ಜಡೆ ಇಳಿಬಿಟ್ಟೆ. ಅಲಂಕಾರವೂ ಆಯಿತು, ತೂಕವೂ ಸರಿಹೋಯಿತು. ಹೂವಿಗೇ ಏಳೆಂಟು ನೂರು ಹೋಯಿತು. ಗುರುವಾರ ಸಂಜೆ ತಂದವರ ಪಾಡು ಇದೇ.

ಪೂಜೆಯಲ್ಲಿ ಕೈಗೆ ಕಟ್ಟುವ ದೋರವನ್ನು ಒಮ್ಮೆ ಜರಿ ದಾರದಲ್ಲಿ ಮಾಡಿ ನೋಡಿದ್ದೆ, ಗಂಟು ನಿಲ್ಲದೆ ಬಿಚ್ಚಿಕೊಂಡಿತು. ಹತ್ತಿ ನೂಲಿನ ಒಂಬತ್ತು ಎಳೆ, ಒಂಬತ್ತು ಗಂಟು, ಅದೇ ಸರಿ. ಅರಿಶಿನ ಹಚ್ಚಿ ಬುಧವಾರವೇ ಒಣಗಿಸಿದೆ. ಹಸಿಯಾಗಿ ಕಟ್ಟಿದರೆ ಬಂದವರ ಕುಪ್ಪಸದ ತೋಳಿಗೆಲ್ಲ ಹಳದಿ. ಹೋದ ವರ್ಷ ಎದುರು ಮನೆಯವರ ಬಿಳಿ ಕುಪ್ಪಸ ಕೆಡಿಸಿದ್ದು ನಾನೇ.

ಅರಿಶಿನ ಕುಂಕುಮಕ್ಕೆ ಕರೆಯುವುದರಲ್ಲೂ ಬುದ್ಧಿ ಬಂದಿತ್ತು. ಮೊಬೈಲಿನಲ್ಲಿ "ಸಂಜೆ ಬನ್ನಿ" ಎಂದರೆ ಎಲ್ಲರೂ ಏಳಕ್ಕೇ ಬರುತ್ತಾರೆ, ಏಕೆಂದರೆ ಒಂದೇ ಸಂಜೆ ಐದಾರು ಮನೆ ಸುತ್ತಬೇಕು. ಈ ಸಲ ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ, ಒಂದೊಂದು ಓಣಿಗೆ ಒಂದೊಂದು ಹೊತ್ತು ಹೇಳಿದೆ. ನಲವತ್ತು ಜನರ ಉಡಿ ತುಂಬಲು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ ಹೊಂದಿಸಿದ್ದೆ. ಬಂದವರು ನಲವತ್ತೇಳೋ ನಲವತ್ತೆಂಟೋ. ಕೊನೆಯವರಿಗೆ ನನ್ನ ಪೆಟ್ಟಿಗೆಯ ಕಣಗಳೇ ಹೋದವು.

ಶನಿವಾರ ಬೆಳಿಗ್ಗೆ ಕಲಶ ಕದಲಿಸುವವರೆಗೆ ಒಂದು ನೆರಿಗೆಯೂ ಸರಿದಿರಲಿಲ್ಲ. ಕಲಶದ ಅಕ್ಕಿಯಲ್ಲಿ ಪಾಯಸ ಮಾಡಿ ಬಡಿಸಿದೆ. ಅತ್ತೆಯವರು ಎರಡನೆಯ ಸಲ ಹಾಕಿಸಿಕೊಂಡು, "ಆ ಗಂಟು ಹೇಗೆ ಕಟ್ಟಿದೆ?" ಎಂದು ಕೇಳಿದರು.