ಕೋಳಿ ಕತ್ತರಿಸಿದ ಕಟ್ಟೆಗೆ ಮೊದಲು ಸೋಪು, ಆಮೇಲೆ ಬ್ಲೀಚ್

ಭಾನುವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಕೋಳಿ ಕತ್ತರಿಸುತ್ತಾರೆ. ಆಮೇಲೆ ಅದೇ ಜಾಗದಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾರೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ನಂತಹ ರೋಗಾಣುಗಳು ಇರುವ ಸಾಧ್ಯತೆ ಹೆಚ್ಚು. ಕೋಳಿ ಬೆಂದಾಗ ಅವು ಸಾಯುತ್ತವೆ, ಆದರೆ ಸೌತೆಕಾಯಿಯನ್ನು ಯಾರೂ ಬೇಯಿಸುವುದಿಲ್ಲ. ಹಾಗಾಗಿ ಈ ನಡುವಿನ ಹತ್ತು ನಿಮಿಷದಲ್ಲಿ ಕಟ್ಟೆಗೆ ಏನು ಮಾಡುತ್ತೇವೆ ಎಂಬುದು ಮುಖ್ಯ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಸ್ವಚ್ಛಗೊಳಿಸುವುದೆಂದರೆ ಸೋಪು ಮತ್ತು ನೀರಿನಿಂದ ರಕ್ತ, ಕೊಬ್ಬು, ಜಿಡ್ಡನ್ನು ಎಬ್ಬಿಸಿ ತೊಳೆದು ಹಾಕುವುದು. ಅದರ ಜೊತೆಗೆ ರೋಗಾಣುಗಳೂ ಬಹಳಷ್ಟು ಹೋಗುತ್ತವೆ, ಎಲ್ಲವೂ ಅಲ್ಲ. ಉಳಿದವುಗಳನ್ನು ಅಪಾಯವಿಲ್ಲದ ಮಟ್ಟಕ್ಕೆ ಇಳಿಸುವುದು ಸ್ಯಾನಿಟೈಸ್ ಮಾಡುವ ಕೆಲಸ. ಮೊದಲನೆಯದನ್ನು ಬಿಟ್ಟು ನೇರವಾಗಿ ಬ್ಲೀಚ್ ಸುರಿಯುವವರು ಬಹಳ ಜನ. ಅದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಬ್ಲೀಚ್‌ನಲ್ಲಿರುವ ಕ್ಲೋರಿನ್ ಎದುರಿಗೆ ಸಿಕ್ಕ ರಕ್ತ, ಕೊಬ್ಬುಗಳ ಜೊತೆಗೇ ವರ್ತಿಸಿ ಖರ್ಚಾಗಿಬಿಡುತ್ತದೆ. ಜಿಡ್ಡಿನ ಅಡಿಯಲ್ಲಿರುವ ರೋಗಾಣುವಿನವರೆಗೆ ಅದು ತಲುಪುವುದೇ ಇಲ್ಲ.

ಆದ್ದರಿಂದ ಮೊದಲು ಮಾಂಸದ ಚೂರುಗಳನ್ನು ಕಾಗದದಿಂದ ತೆಗೆದು ಕಸದ ಬುಟ್ಟಿಗೆ ಹಾಕಿ. ಪಾತ್ರೆ ತೊಳೆಯುವ ದ್ರವ ಮತ್ತು ಬಿಸಿನೀರಿನಿಂದ ಕಟ್ಟೆಯನ್ನು ಉಜ್ಜಿ. ಬೋರ್‌ವೆಲ್ ನೀರು ಬರುವ ಬಡಾವಣೆಗಳಲ್ಲಿ ಗಡಸು ನೀರಿನಿಂದ ನೊರೆ ಕಡಿಮೆ ಬರಬಹುದು, ಆಗ ದ್ರವವನ್ನು ಸ್ವಲ್ಪ ಹೆಚ್ಚಿಸಿ. ಬಳಿಕ ಶುದ್ಧ ನೀರಿನಿಂದ ಸೋಪು ಪೂರ್ತಿ ಹೋಗುವಂತೆ ತೊಳೆಯಿರಿ. ಬೆರಳಿನಿಂದ ಒರೆಸಿ ನೋಡಿ. ಜಾರಿದರೆ ಜಿಡ್ಡೋ ಸೋಪೋ ಇನ್ನೂ ಉಳಿದಿದೆ ಎಂದು ಅರ್ಥ.

ಈಗ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಎಂದು, ಅದರ ಶೇಕಡಾ ಪ್ರಮಾಣದ ಜೊತೆಗೆ ಬರೆದಿರಬೇಕು. ಸುವಾಸನೆ ಅಥವಾ ಡಿಟರ್ಜೆಂಟ್ ಬೆರೆಸಿದ್ದು ಅಡುಗೆಕಟ್ಟೆಗೆ ಬೇಡ. ಬಣ್ಣದ ಬಟ್ಟೆಗಳಿಗೆಂದು ಮಾರುವ ಬ್ಲೀಚ್‌ನಲ್ಲಿ ಹೈಪೋಕ್ಲೋರೈಟ್ ಬದಲು ಹೈಡ್ರೋಜನ್ ಪೆರಾಕ್ಸೈಡ್ ಇರಬಹುದು, ಅದಕ್ಕೆ ಮುಂದೆ ಹೇಳುವ ಲೆಕ್ಕ ಹೊಂದುವುದಿಲ್ಲ.

ಆಹಾರ ತಾಗುವ ಜಾಗಕ್ಕೆ ಬೇಕಾದದ್ದು ನೀರಿನ ಹತ್ತು ಲಕ್ಷ ಭಾಗಕ್ಕೆ ಸುಮಾರು 200 ಭಾಗ ಕ್ಲೋರಿನ್. ಲೆಕ್ಕ ಸುಲಭ: 20ನ್ನು ಲೇಬಲ್‌ನ ಶೇಕಡಾ ಸಂಖ್ಯೆಯಿಂದ ಭಾಗಿಸಿ, ಬಂದಷ್ಟು ಮಿಲಿಲೀಟರ್ ಬ್ಲೀಚನ್ನು ಒಂದು ಲೀಟರ್ ನೀರಿಗೆ ಹಾಕಿ. ಬಾಟಲಿ ಶೇ 4ರದ್ದಾದರೆ 5 ಮಿಲಿಲೀಟರ್, ಅಂದರೆ ಅಳತೆಯ ಒಂದು ಟೀ ಚಮಚ. ಶೇ 5ರದ್ದಾದರೆ 4 ಮಿಲಿಲೀಟರ್. ಮುಚ್ಚಳದಿಂದ ಅಂದಾಜಿಗೆ ಸುರಿಯಬೇಡಿ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ತಪ್ಪು; ಅದು ಕಣ್ಣು, ಗಂಟಲನ್ನು ಉರಿಸುತ್ತದೆ, ಆಹಾರಕ್ಕೂ ಅಂಟುತ್ತದೆ. ನೀರು ತಣ್ಣಗಿರಲಿ, ಬಿಸಿನೀರಿನಲ್ಲಿ ಬ್ಲೀಚ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ.

ಈ ದ್ರಾವಣವನ್ನು ಶುಭ್ರವಾದ ಬಟ್ಟೆಯ ಮೇಲೆ ಸುರಿದು ಕಟ್ಟೆ ಪೂರ್ತಿ ತೋಯುವಂತೆ ಹಚ್ಚಿ. ಬಳಸಿದ ಬಟ್ಟೆಯನ್ನು ಮತ್ತೆ ಮತ್ತೆ ಬಕೆಟ್‌ಗೆ ಅದ್ದಿದರೆ ಕೊಳೆ ಸೇರಿ ದ್ರಾವಣ ಕೆಡುತ್ತದೆ. ಇನ್ನು ಕಾಯುವ ಹೊತ್ತು. ಹೆಚ್ಚಿನವರು ತಪ್ಪುವುದು ಇಲ್ಲೇ: ಹಚ್ಚಿದ ತಕ್ಷಣ ಒರೆಸಿಬಿಡುತ್ತಾರೆ. ಕ್ಲೋರಿನ್‌ಗೆ ಕೆಲಸ ಮಾಡಲು ಸಮಯ ಬೇಕು. ಕಟ್ಟೆ ಕನಿಷ್ಠ ಎರಡು ನಿಮಿಷ ಒದ್ದೆಯಾಗಿಯೇ ಇರಬೇಕು. ಬಾಟಲಿಯ ಮೇಲೆ ಹೆಚ್ಚು ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಫ್ಯಾನಿನ ಗಾಳಿಗೆ ಮಧ್ಯದಲ್ಲೇ ಒಣಗಿದರೆ ಆ ಜಾಗಕ್ಕೆ ಮತ್ತೆ ಹಚ್ಚಿ ಎರಡು ನಿಮಿಷವನ್ನು ಹೊಸದಾಗಿ ಎಣಿಸಿ. ಬಳಿಕ ಗಾಳಿಗೆ ಒಣಗಲು ಬಿಡಿ. ಈ ಪ್ರಮಾಣಕ್ಕೆ ತೊಳೆಯಬೇಕಾಗಿಲ್ಲ, ಆದರೆ ಸ್ಟೀಲ್ ಸಿಂಕ್‌ಗೆ ಹಚ್ಚಿದ್ದರೆ ನೀರು ಹಾಯಿಸಿ, ಇಲ್ಲದಿದ್ದರೆ ಕಾಲಕ್ರಮೇಣ ಚುಕ್ಕೆಗಳು ಬೀಳಬಹುದು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆರಸ ಯಾವುದನ್ನೂ ಸೇರಿಸಬೇಡಿ. ಆಮ್ಲ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಅಪಾಯಕಾರಿ. ಅಕಸ್ಮಾತ್ ಬೆರೆತು ಘಾಟು ಬಂದರೆ ಒರೆಸಲು ನಿಲ್ಲದೆ, ಮನೆಯವರನ್ನೂ ಕರೆದುಕೊಂಡು ತಕ್ಷಣ ಹೊರಗೆ ಹೋಗಿ. ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಬೆರೆಸಿದ ದ್ರಾವಣ ದಿನ ಕಳೆದಂತೆ ದುರ್ಬಲವಾಗುವುದರಿಂದ ಅಂದಿಗೆ ಬೇಕಾದಷ್ಟನ್ನೇ ಮಾಡಿ, ಉಳಿದದ್ದನ್ನು ಹೆಚ್ಚು ನೀರಿನೊಂದಿಗೆ ಚೆಲ್ಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಎಂದೂ ತುಂಬಿಡಬೇಡಿ. ಬರೀ ತರಕಾರಿ ಹೆಚ್ಚಿದ ದಿನ ಇಷ್ಟೆಲ್ಲ ಬೇಕಿಲ್ಲ, ಸೋಪು ನೀರು ಸಾಕು.