ಚಿಕ್ಕಪೇಟೆ ಸೀರೆ ಅಂಗಡಿಯಲ್ಲಿ ಟೈಟಲ್‌ಗೆ ಜಾಗ ಮಾಡಿದ್ದು

ಟೈಟಲ್‌ಗೆ, ಅಂದರೆ ಮಾತಾಡುವವರ ಪಕ್ಕ ಪರದೆ ಮೇಲೆ ಬರುವ ಹೆಸರಿಗೆ, ಜಾಗವನ್ನು ಶೂಟಿಂಗ್‌ನಲ್ಲೇ ಬಿಡಬೇಕು ಅಂತ ನಾನು ಹೇಳಿದಾಗಲೆಲ್ಲ ನನ್ನ ಎಡಿಟರ್ ಗೆಳೆಯ ನಗುತ್ತಿದ್ದ. "ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿದರಾಯ್ತು ಬಿಡು ಮಗಾ" ಅನ್ನುತ್ತಿದ್ದ. ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯ ಯಜಮಾನರನ್ನು ಮಾತಾಡಿಸುವ ವಿಡಿಯೋ ಕೆಲಸ ಬಂದಾಗ ಆ ದಾರಿ ಮುಚ್ಚಿತು. ಯಜಮಾನರು ಮೊದಲೇ ಹೇಳಿಬಿಟ್ಟರು: "ಸಾರ್, ಸೀರೆ ಮೇಲೆ ಪಟ್ಟಿ ಗಿಟ್ಟಿ ಏನೂ ಬರಬಾರದು."

ಮೊದಲ ಸಲ ಎಲ್ಲರೂ ಮಾಡುವುದನ್ನೇ ಮಾಡಿದೆವು. ಅಗಲವಾಗಿ 4ಕೆಯಲ್ಲಿ ಹಿಡಿದು, ಆಮೇಲೆ ಬೇಕಾದ ಕಡೆ ಕ್ರಾಪ್ ಮಾಡುವುದು. ಕ್ರಾಪ್‌ನಿಂದ ಯಜಮಾನರನ್ನು ಪಕ್ಕಕ್ಕೆ ಸರಿಸಬಹುದು, ಅವರ ಹಿಂದಿನ ಶೆಲ್ಫನ್ನು ಸರಿಸಲಾಗಲ್ಲ ಅಲ್ವಾ? ಖಾಲಿ ಜಾಗ ಸಿಕ್ಕಿತು, ಆದರೆ ಅದರ ತುಂಬ ಜರಿ ಅಂಚುಗಳು. ಬಿಳಿ ಅಕ್ಷರ ಅದರಲ್ಲಿ ಕಳೆದುಹೋಯಿತು. ಆ ಭಾಗವನ್ನಷ್ಟೇ ಮಾಸ್ಕ್ ಮಾಡಿ ಕಪ್ಪು ಮಾಡಲು ಹೊರಗೆ ಕೊಟ್ಟೆವು. ಯಜಮಾನರು ಕೈ ಬೀಸಿ ಮಾತಾಡುವವರು, ಕೈ ಬಂದಲ್ಲೆಲ್ಲ ಮಾಸ್ಕ್ ಬದಲಾಗಬೇಕು. ಅದಕ್ಕೇ ಸುಮಾರು ನಾಲ್ಕು ಸಾವಿರ ಹೋಯಿತು. ಇಡೀ ಕೆಲಸಕ್ಕೆ ಸಿಗುತ್ತಿದ್ದದ್ದು ಇಪ್ಪತ್ತೈದರ ಆಸುಪಾಸು.

ಎರಡನೇ ಸಲ ಹಿನ್ನೆಲೆ ಮಸುಕು ಮಾಡಲು 85 ಎಂಎಂ ಲೆನ್ಸ್ ಹಾಕಿದೆ, ಅಪರ್ಚರ್ ಎಫ್ 2.8. ಅಂಗಡಿಯ ಉದ್ದ ಇಪ್ಪತ್ತು ಅಡಿ ಇರಬಹುದು, ನಾನು ಹೆಚ್ಚುಕಡಿಮೆ ಮೆಟ್ಟಿಲ ಮೇಲೆ ನಿಂತಿದ್ದೆ. ಯಜಮಾನರನ್ನು ಶೆಲ್ಫಿನಿಂದ ಏಳೆಂಟು ಅಡಿ ಮುಂದೆ, ಫ್ರೇಮಿನ ಬಲಕ್ಕೆ ಕೂರಿಸಿದೆ. ಹಿನ್ನೆಲೆ ಚೆನ್ನಾಗಿ ಮಸುಕಾಯಿತು. ಆದರೆ ಜರಿಯ ಒಂದೊಂದು ಹೊಳಪೂ ದೊಡ್ಡ ಬೆಳಕಿನ ಚೆಂಡಾಗಿ, ಸರಿಯಾಗಿ ಹೆಸರು ಬರುವ ಜಾಗದಲ್ಲೇ ಕೂತಿತು. ಬ್ಲರ್ ಒಂದರಿಂದಲೇ ಜಾಗ ಖಾಲಿಯಾಗಲ್ಲ. ಗೆರೆಗಳು ಹೋಗುತ್ತವೆ, ಹೊಳಪು ಹೋಗಲ್ಲ.

ಕೊನೆಗೆ ಕೆಲಸ ಮಾಡಿದ್ದು ಸ್ವಿಚ್. ಎಡಗಡೆ ಶೆಲ್ಫಿನ ಮೇಲಿನ ಟ್ಯೂಬ್‌ಲೈಟುಗಳನ್ನು ಆರಿಸಿದೆ. ಶೆಲ್ಫ್ ಮುಖಕ್ಕಿಂತ ಸುಮಾರು ಎರಡು ಸ್ಟಾಪ್ ಕೆಳಗೆ, ಅಂದರೆ ಬೆಳಕಿನಲ್ಲಿ ಕಾಲು ಭಾಗಕ್ಕೆ, ಇಳಿಯಿತು. ಸೀರೆಗಳ ಬಣ್ಣ ಉಳಿಯಿತು, ಮಿನುಗು ಸತ್ತಿತು. ಮಾನಿಟರ್‌ನಲ್ಲಿ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಆ ಭಾಗದ ಗೆರೆ ಬರೀ ಕೆಳಗಿದ್ದರೆ ಸಾಲದು, ತೆಳ್ಳಗೂ ಇರಬೇಕು. ದಪ್ಪ ಇದ್ದರೆ ಅಲ್ಲಿ ಕಪ್ಪು, ಬಿಳುಪು ಎರಡೂ ಇವೆ ಅಂತ ಅರ್ಥ, ಯಾವ ಬಣ್ಣದ ಅಕ್ಷರ ಹಾಕಿದರೂ ಒಂದು ಕಡೆ ಒದ್ದಾಡುತ್ತದೆ. ಉಳಿದ ಒಂದೆರಡು ಮಿನುಗನ್ನು ಹೇಗೆ ತೆಗೆದೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಹೇಳಲ್ಲ.

ಜಾಗ ಎಷ್ಟು ಬಿಡಬೇಕು? ಇಂಗ್ಲಿಷ್ ಟೆಂಪ್ಲೇಟ್ ನಂಬಿದರೆ ಕೆಟ್ಟೆವು. ಹೆಸರಿನ ಕೆಳಗೆ "ರೇಷ್ಮೆ ವಸ್ತ್ರ ವ್ಯಾಪಾರಿ" ಅಂತ ಬರಬೇಕಿತ್ತು. ಅದರಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, "ಸ್ತ್ರ"ದಲ್ಲಂತೂ ಎರಡು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಿರಲು ಸಾಲುಗಳ ನಡುವೆ ಅಂತರ ಜಾಸ್ತಿ ಬೇಕು. ನಾನು ಇಂಗ್ಲಿಷಿಗೆ ಬಿಡುವುದರ ಒಂದೂವರೆ ಪಟ್ಟು ಎತ್ತರ ಬಿಡುತ್ತೇನೆ. ಅಳತೆ ನೆನಪಿರಲಿ ಅಂತ ಹಳೇ ಪಾರದರ್ಶಕ ಓಎಚ್‌ಪಿ ಶೀಟನ್ನು ಮಾನಿಟರ್ ಸೈಜಿಗೆ ಕತ್ತರಿಸಿ, ಮಾರ್ಕರ್‌ನಲ್ಲಿ ಚೌಕ ಎಳೆದು, ಪರದೆ ಮೇಲೆ ಅಂಟಿಸಿದ್ದೇನೆ. ಹತ್ತು ರೂಪಾಯಿ ಖರ್ಚು. ಕೈ ಆ ಚೌಕದೊಳಗೆ ಬಂದರೆ ತಕ್ಷಣ ಗೊತ್ತಾಗುತ್ತದೆ.

ಜಾಗದ ಜೊತೆ ಸಮಯವೂ ಖಾಲಿ ಇರಬೇಕು. ರೋಲ್ ಆದ ಮೇಲೆ ಐದಾರು ಸೆಕೆಂಡ್ ಸುಮ್ನೆ ಕೂರಿಸುತ್ತೇನೆ. ಆ ಹೊತ್ತಲ್ಲಿ ಹೆಸರನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡು ಆಮೇಲೆ ಪ್ರಶ್ನೆ ಕೇಳುತ್ತೇನೆ. "ಅರ್ಧ ಫ್ರೇಮ್ ಖಾಲಿ ಇದೆಯಲ್ಲ ಸಾರ್" ಅಂತ ಯಜಮಾನರ ಮಗ ಗೊಣಗಿದ. ಹೆಸರು ಕೂರಿಸಿ ತೋರಿಸಿದ ಮೇಲೆ ಮಾತಿಲ್ಲ. ಎಡಿಟರ್ ಗೆಳೆಯ ಟೈಟಲ್ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ, ಹಿಂದಿನ ಸಲ ಎರಡು ದಿನ ತಿಂದಿತ್ತು.

ನಡುವೆ ಕಬ್ಬನ್ ಪಾರ್ಕಿನಲ್ಲೂ ಒಂದು ಪ್ರಯೋಗ ಮಾಡಿದೆ. ಹಸಿರು ಸಮನಾಗಿ ಕಂಡಿತು, ಅಕ್ಷರ ಹಾಕಿದರೆ ಚೆನ್ನಾಗೇ ಇತ್ತು. ಅಪ್‌ಲೋಡ್ ಆದ ಮೇಲೆ ಕೆಟ್ಟಿತು. ಅಲ್ಲಾಡುವ ಎಲೆಗಳನ್ನು ಕಂಪ್ರೆಶನ್ ತಾಳಿಕೊಳ್ಳಲಿಲ್ಲ, ಅಕ್ಷರದ ಸುತ್ತ ಎಲ್ಲ ಕದಡಿದಂತಾಯಿತು. ಗಾಳಿ ಇದ್ದರೆ ಈಗ ಮರದ ಕಾಂಡ ಹುಡುಕುತ್ತೇನೆ.

ರೀಲ್ಸ್‌ಗೂ ಇದೇ ಶಾಟ್ ಸಾಕಲ್ಲ ಅಂತ ಕೇಳಬೇಡಿ. 4ಕೆ ಫ್ರೇಮಿನಿಂದ 9:16 ಕತ್ತರಿಸಿದರೆ ಅಗಲ ಮೂರರಲ್ಲೊಂದು ಭಾಗವೂ ಉಳಿಯಲ್ಲ. ಯಜಮಾನರು ಉಳಿದರೆ ಜಾಗ ಹೋಗುತ್ತದೆ, ಜಾಗ ಉಳಿದರೆ ಯಜಮಾನರು ಹೋಗುತ್ತಾರೆ. ಕೆಳಗಡೆ ಬೇರೆ ಆಪ್‌ನ ಬಟನ್ನು, ಕ್ಯಾಪ್ಷನ್ನು ಮುಚ್ಚುತ್ತವೆ. ಅದಕ್ಕೆ ಉದ್ದ ಫ್ರೇಮನ್ನು ಬೇರೆಯೇ ಹಿಡಿದು, ಖಾಲಿ ಜಾಗವನ್ನು ತಲೆಯ ಮೇಲೆ ಬಿಡುತ್ತೇನೆ. ಆ ಸೆಟಪ್ಪಿಗೆ ಮೂರು ಸಾವಿರ ಜಾಸ್ತಿ ಅಂತ ಕೊಟೇಶನ್‌ನಲ್ಲೇ ಬರೆದಿಡುತ್ತೇನೆ.