ಹಾಸನದಿಂದ ಬೇಲೂರಿಗೆ ಮೂರು ಹೆಜ್ಜೆಯಲ್ಲಿ: ಮ್ಯಾಟ್ರಿಕ್ಸ್ ಗುಣಿಸಿ ನಡಿಗೆ ಎಣಿಸುವುದು ಹೇಗೆ?

ಒಂದು ಹಾಳೆಯ ಮೇಲೆ ನಾಲ್ಕು ಚುಕ್ಕೆ ಇಡಿ: ಹಾಸನ, ಹಳೇಬೀಡು, ಬೇಲೂರು, ಚಿಕ್ಕಮಗಳೂರು. ಹಾಸನದಿಂದ ಹಳೇಬೀಡಿಗೆ ಒಂದು ಗೆರೆ ಎಳೆಯಿರಿ, ಬೇಲೂರಿಗೆ ಇನ್ನೊಂದು. ಹಳೇಬೀಡಿನಿಂದ ಬೇಲೂರಿಗೆ ಒಂದು, ಬೇಲೂರಿನಿಂದ ಚಿಕ್ಕಮಗಳೂರಿಗೆ ಒಂದು. ಈ ಸೀಮೆಯಲ್ಲಿ ರಸ್ತೆಗಳು ಇನ್ನೂ ಬೇಕಾದಷ್ಟಿವೆ, ಸಕಲೇಶಪುರವನ್ನೂ ಸೇರಿಸಬಹುದಿತ್ತು. ಕೈಯಲ್ಲೇ ಲೆಕ್ಕ ಮುಗಿಯಲಿ ಅಂತ ನಾಲ್ಕು ಊರಿಗೆ, ನಾಲ್ಕು ಗೆರೆಗೆ ನಿಲ್ಲಿಸಿದ್ದೇನೆ. ಇಂಥ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಅನ್ನುತ್ತಾರೆ.

ಈಗ ಪ್ರಶ್ನೆ. ಹಾಸನದಿಂದ ಹೊರಟು ಸರಿಯಾಗಿ ಮೂರು ಗೆರೆ ದಾಟಿ ಬೇಲೂರು ಸೇರಬೇಕು. ಎಷ್ಟು ರೀತಿಯಲ್ಲಿ ಸೇರಬಹುದು? ಹೋದ ದಾರಿಯಲ್ಲೇ ವಾಪಸ್ ಬರಬಹುದು, ಒಂದೇ ಊರನ್ನು ಎರಡು ಸಲ ಮುಟ್ಟಬಹುದು. ಇಂಥ ಓಡಾಟವನ್ನು ನಡಿಗೆ ಅನ್ನೋಣ. ದಾಟಿದ ಗೆರೆಗಳ ಸಂಖ್ಯೆಯೇ ಅದರ ಉದ್ದ. ಕಿಲೋಮೀಟರ್ ಇಲ್ಲಿ ಲೆಕ್ಕಕ್ಕಿಲ್ಲ. ಹಳೇಬೀಡಿನಿಂದ ಬೇಲೂರು ಹತ್ತಿರ, ಹಾಸನದಿಂದ ದೂರ. ಆದರೂ ಎರಡೂ ಒಂದೊಂದೇ ಹೆಜ್ಜೆ.

ಹಂತ 1: ಗ್ರಾಫನ್ನು ಕೋಷ್ಟಕ ಮಾಡಿ

ಊರುಗಳಿಗೆ ಒಂದು ಕ್ರಮ ಗೊತ್ತುಮಾಡಿಕೊಳ್ಳಿ: ಹಾಸನ 1, ಹಳೇಬೀಡು 2, ಬೇಲೂರು 3, ಚಿಕ್ಕಮಗಳೂರು 4. ಅಡ್ಡಸಾಲಿಗೂ ಕಂಬಸಾಲಿಗೂ ಇದೇ ಕ್ರಮ ಇರಬೇಕು. ಅಡ್ಡಸಾಲು ಹೊರಡುವ ಊರು, ಕಂಬಸಾಲು ಸೇರುವ ಊರು. ನಡುವೆ ನೇರ ಗೆರೆ ಇದ್ದರೆ 1, ಇಲ್ಲದಿದ್ದರೆ 0. ಹೀಗೆ ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಕೋಷ್ಟಕವೇ ಮ್ಯಾಟ್ರಿಕ್ಸ್. ಇದಕ್ಕೆ A ಅಂತ ಹೆಸರಿಡೋಣ.

```
A =
0 1 1 0
1 0 1 0
1 1 0 1
0 0 1 0
```

ರಸ್ತೆಯಲ್ಲಿ ಎರಡೂ ಕಡೆಗೆ ಹೋಗಬಹುದಾದ್ದರಿಂದ, ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಇಳಿಯುವ ಕರ್ಣದ ಆಚೆಗೂ ಈಚೆಗೂ ಒಂದೇ ಸಂಖ್ಯೆಗಳು ಬಂದಿವೆ. ಯಾವುದಾದರೂ ರಸ್ತೆ ಒನ್ ವೇ ಆಗಿದ್ದರೆ ಒಂದು ಕಡೆ ಮಾತ್ರ 1 ಬರುತ್ತದೆ. ಎರಡು ಊರಿನ ನಡುವೆ ಎರಡು ಬೇರೆ ಬೇರೆ ರಸ್ತೆ ಇದ್ದರೆ 2 ಬರೆಯಿರಿ. ಮುಂದಿನ ಲೆಕ್ಕವೆಲ್ಲ ಹಾಗೆಯೇ ನಡೆಯುತ್ತದೆ.

ಹಂತ 2: A ಯನ್ನು A ಯಿಂದಲೇ ಗುಣಿಸಿ

ಇಲ್ಲಿ ಸ್ವಲ್ಪ ನಿಧಾನಿಸೋಣ, ಇಡೀ ಗುಟ್ಟು ಇರುವುದು ಈ ಗುಣಾಕಾರದಲ್ಲೇ. ಹಾಸನದಿಂದ ಬೇಲೂರಿಗೆ ಎರಡು ಹೆಜ್ಜೆಯ ನಡಿಗೆ ಎಷ್ಟು ಅಂತ ತಿಳಿಯಬೇಕು. ಎರಡು ಹೆಜ್ಜೆ ಅಂದರೆ ನಡುವೆ ಒಂದು ಊರು ಇರಲೇಬೇಕು. ಅದು ಯಾವುದು ಅಂತ ನಾಲ್ಕೂ ಊರನ್ನು ಒಂದೊಂದಾಗಿ ಕೇಳಿ ನೋಡುತ್ತೇವೆ. ಹಾಸನದಿಂದ ಆ ಊರಿಗೆ ಗೆರೆ ಇದೆಯೇ? ಆ ಊರಿನಿಂದ ಬೇಲೂರಿಗೆ ಗೆರೆ ಇದೆಯೇ? ಎರಡಕ್ಕೂ ಹೌದು ಅಂದರೆ 1×1, ಅಂದರೆ 1. ಒಂದಕ್ಕೆ ಇಲ್ಲ ಅಂದರೂ ಗುಣಲಬ್ಧ 0.

ಮ್ಯಾಟ್ರಿಕ್ಸ್ ಗುಣಾಕಾರ ಮಾಡುವುದೂ ಇದನ್ನೇ. ಹಾಸನದ ಅಡ್ಡಸಾಲು 0 1 1 0. ಬೇಲೂರಿನ ಕಂಬಸಾಲು 1 1 0 1. ಜೋಡಿ ಜೋಡಿಯಾಗಿ ಗುಣಿಸಿ ಕೂಡಿ:

```
0×1 + 1×1 + 1×0 + 0×1 = 1
```

ಆ ಒಂದು 1 ಬಂದದ್ದು ಎರಡನೇ ಜೋಡಿಯಿಂದ, ಅಂದರೆ ಹಳೇಬೀಡಿನಿಂದ. ಹಾಸನ, ಹಳೇಬೀಡು, ಬೇಲೂರು: ಇದೊಂದೇ ನಡಿಗೆ. ಹದಿನಾರೂ ಮನೆಗಳಿಗೆ ಹೀಗೆ ಮಾಡಿದರೆ ಸಿಗುವುದು ಇದು:

```
A² =
2 1 1 1
1 2 1 1
1 1 3 0
1 1 0 1
```

ಮೂರನೇ ಸಾಲಿನ ಕೊನೆಯ 0 ನೋಡಿ. ಬೇಲೂರಿನಿಂದ ಚಿಕ್ಕಮಗಳೂರಿಗೆ ನೇರ ರಸ್ತೆಯೇ ಇದೆ, ಆದರೂ ಸೊನ್ನೆ! ತಪ್ಪೇನಲ್ಲ. A² ಹೇಳುವುದು ಸರಿಯಾಗಿ ಎರಡು ಹೆಜ್ಜೆಯ ಲೆಕ್ಕ, ಎರಡರ ಒಳಗಿನ ಲೆಕ್ಕ ಅಲ್ಲ. ಚಿಕ್ಕಮಗಳೂರಿಗೆ ಬರಲು ನಮ್ಮ ಚಿತ್ರದಲ್ಲಿ ಬೇಲೂರಿನಿಂದ ಮಾತ್ರ ಸಾಧ್ಯ. ಬೇಲೂರಿನಿಂದ ಹೊರಟವರು ಒಂದೇ ಹೆಜ್ಜೆಯಲ್ಲಿ ಮತ್ತೆ ಬೇಲೂರಲ್ಲೇ ಇರಲಾರರು. "ಹೆಚ್ಚೆಂದರೆ ಎರಡು ಹೆಜ್ಜೆ" ಅನ್ನುವ ಲೆಕ್ಕ ಬೇಕಿದ್ದರೆ A ಮತ್ತು A² ಎರಡನ್ನೂ ಕೂಡಬೇಕು.

ಹಂತ 3: ಇನ್ನೊಮ್ಮೆ ಗುಣಿಸಿ

ಮೂರು ಹೆಜ್ಜೆಗೆ ಎಲ್ಲವನ್ನೂ ಮೊದಲಿನಿಂದ ಎಣಿಸಬೇಕಿಲ್ಲ. ಕೊನೆಯ ಊರಿಗಿಂತ ಹಿಂದಿನ ಊರು ಯಾವುದು ಅಂತಷ್ಟೇ ಕೇಳಿ. ಅಲ್ಲಿಗೆ ಎರಡು ಹೆಜ್ಜೆಯಲ್ಲಿ ಎಷ್ಟು ರೀತಿ ಬರಬಹುದು ಅನ್ನುವುದು A² ಯಲ್ಲಿ ಸಿದ್ಧವಾಗಿದೆ. ಹಾಸನದ ಸಾಲು 2 1 1 1. ಅದನ್ನು A ಯ ಬೇಲೂರಿನ ಕಂಬಸಾಲಿನ ಜೊತೆ ಗುಣಿಸಿದರೆ 2 + 1 + 0 + 1, ಒಟ್ಟು 4. ಪೂರ್ತಿ ಉತ್ತರ:

```
A³ =
2 3 4 1
3 2 4 1
4 4 2 3
1 1 3 0
```

ಆ 4 ನಿಜವೇ ಅಂತ ಬೆರಳಿಟ್ಟು ನೋಡೋಣ. ಹಾಸನ–ಬೇಲೂರು–ಹಾಸನ–ಬೇಲೂರು. ಹಾಸನ–ಹಳೇಬೀಡು–ಹಾಸನ–ಬೇಲೂರು. ಹಾಸನ–ಬೇಲೂರು–ಹಳೇಬೀಡು–ಬೇಲೂರು. ಹಾಸನ–ಬೇಲೂರು–ಚಿಕ್ಕಮಗಳೂರು–ಬೇಲೂರು. ಐದನೆಯದು ಸಿಗುವುದಿಲ್ಲ. ಇನ್ನೂ ಒಂದೊಂದೇ ಸಲ ಗುಣಿಸುತ್ತಾ ಹೋದರೆ ನಾಲ್ಕು, ಐದು ಹೆಜ್ಜೆಯ ಲೆಕ್ಕ ಸಿಗುತ್ತದೆ. ಕಾರಣ ಅದೇ, ಹಿಂದಿನ ಊರನ್ನು ಕೇಳುವುದು.

ಲೆಕ್ಕ ತಪ್ಪಿದರೆ ತಿಳಿಯುವುದು ಹೇಗೆ?

A² ಯ ಕರ್ಣ ನೋಡಿ: 2, 2, 3, 1. ಎರಡು ಹೆಜ್ಜೆಯಲ್ಲಿ ಹೊರಟ ಊರಿಗೇ ಬರಬೇಕಾದರೆ ಪಕ್ಕದ ಊರಿಗೆ ಹೋಗಿ ವಾಪಸ್ ಬರಬೇಕು, ಅಷ್ಟೇ. ಹಾಗಾಗಿ ಈ ಸಂಖ್ಯೆ ಆ ಊರಿಗೆ ಎಷ್ಟು ಗೆರೆ ಸೇರಿವೆಯೋ ಅಷ್ಟೇ ಇರಬೇಕು. ಬೇಲೂರಿಗೆ ಮೂರು ಗೆರೆ, ಸರಿಯಾಗಿದೆ. A³ ಯ ಕರ್ಣ ಕೂಡಿದರೆ 6. ಒಂದು ತ್ರಿಕೋನವನ್ನು ಮೂರು ಊರಿನಿಂದ ಶುರುಮಾಡಿ ಎರಡು ದಿಕ್ಕಿನಲ್ಲಿ ಸುತ್ತಬಹುದು, ಅಂದರೆ ಆರು ಸಲ ಎಣಿಕೆಗೆ ಬರುತ್ತದೆ. ಆರನ್ನು ಆರರಿಂದ ಭಾಗಿಸಿದರೆ ಒಂದು ತ್ರಿಕೋನ: ಹಾಸನ, ಹಳೇಬೀಡು, ಬೇಲೂರು. ಚಿತ್ರದಲ್ಲೂ ಒಂದೇ ಇದೆ ಅಲ್ವಾ?

ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಮಾಡುವುದಾದರೆ A ಯನ್ನು ಮೊದಲ ನಾಲ್ಕು ಸಾಲಿನಲ್ಲಿ ತುಂಬಿ, ಪಕ್ಕದಲ್ಲಿ ಖಾಲಿ ಜಾಗದಲ್ಲಿ ಹೀಗೆ ಬರೆಯಿರಿ:

```
=MMULT(A1:D4,A1:D4)
```

ಇದರ ಬದಲು ಸುಮ್ನೆ ಒಂದೊಂದು ಮನೆಯ ಸಂಖ್ಯೆಯನ್ನು ವರ್ಗ ಮಾಡಿದರೆ ಕೆಡುತ್ತದೆ. 0 ರ ವರ್ಗ 0, 1 ರ ವರ್ಗ 1, ಹಾಗಾಗಿ ಹಳೇ ಕೋಷ್ಟಕವೇ ಮತ್ತೆ ಬರುತ್ತದೆ. ಕರ್ಣದಲ್ಲಿ ಎಲ್ಲ ಸೊನ್ನೆ ಕಂಡರೆ ಆಗಿರುವುದು ಇದೇ.

ಒಂದೇ ಊರನ್ನು ಎರಡು ಸಲ ಮುಟ್ಟಬಾರದು ಅಂದರೆ?

ನಿಜವಾಗಿ ಪ್ರಯಾಣ ಹೊರಟವರು ಕೇಳುವುದು ಈ ಪ್ರಶ್ನೆಯನ್ನೇ. ಮ್ಯಾಟ್ರಿಕ್ಸ್ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಯಾವ ಊರು ದಾಟಿ ಬಂದೆವು ಅನ್ನುವ ನೆನಪು ಅದಕ್ಕಿಲ್ಲ, ಎಷ್ಟು ರೀತಿ ಅನ್ನುವುದಷ್ಟೇ ಗೊತ್ತು.

ಮೂರು ಹೆಜ್ಜೆಯವರೆಗೆ ಕಳೆದು ಸರಿಪಡಿಸಬಹುದು. ಎರಡು ಊರು ನೇರ ಗೆರೆಯಿಂದ ಸೇರಿದ್ದರೆ, ಎರಡಕ್ಕೂ ಸೇರಿರುವ ಗೆರೆಗಳನ್ನು ಕೂಡಿ ಒಂದು ಕಳೆಯಿರಿ. ಬೇಡದ ನಡಿಗೆಗಳು ಅಷ್ಟೇ. ಹಾಸನಕ್ಕೆ 2, ಬೇಲೂರಿಗೆ 3, ಒಂದು ಕಳೆದರೆ 4. A³ ಯಲ್ಲಿದ್ದದ್ದೂ 4. ಉಳಿದದ್ದು ಸೊನ್ನೆ, ಅಂದರೆ ಊರು ಮರುಕಳಿಸದೆ ಮೂರು ಹೆಜ್ಜೆಯಲ್ಲಿ ಬೇಲೂರು ಸೇರುವ ದಾರಿಯೇ ಇಲ್ಲ. ಒಂದು ಕಳೆಯುವುದು ಯಾಕೆಂದರೆ, ಹಾಸನ–ಬೇಲೂರು–ಹಾಸನ–ಬೇಲೂರು ಅನ್ನುವುದು ಎರಡೂ ಊರಿನ ಲೆಕ್ಕದಲ್ಲಿ ಸೇರಿಬಿಟ್ಟಿರುತ್ತದೆ. ಹಾಸನ–ಚಿಕ್ಕಮಗಳೂರಿನ ಹಾಗೆ ನೇರ ಗೆರೆ ಇಲ್ಲದ ಜೋಡಿಗೆ ಏನೂ ಕಳೆಯಬೇಕಿಲ್ಲ. A³ ಯಲ್ಲಿರುವ 1 ಹಳೇಬೀಡು, ಬೇಲೂರು ಮೇಲೆ ಹೋಗುವ ದಾರಿ.

ನಾಲ್ಕು ಹೆಜ್ಜೆಗೆ ಕಳೆಯಬೇಕಾದ ಪಟ್ಟಿ ಬೆಳೆಯುತ್ತದೆ, ಐದಕ್ಕೆ ಇನ್ನೂ ಜಾಸ್ತಿ. ಊರುಗಳೂ ಹೆಜ್ಜೆಗಳೂ ನೂರಾರಾದರೆ, ಯಾವ ಗ್ರಾಫ್ ಕೊಟ್ಟರೂ ಇಂಥ ದಾರಿಗಳನ್ನು ಬೇಗ ಎಣಿಸುವ ವಿಧಾನ ಇವತ್ತಿಗೂ ಯಾರಿಗೂ ಗೊತ್ತಿಲ್ಲ.